ಹೊಸ ಡಿಸ್ಕಿನ ಅಂಚಿನಲ್ಲಿ ಉಳಿದ ಜಾಗ

ನ್ಯಾಮತಿಯಲ್ಲಿ ನನ್ನ ಚಿಕ್ಕಮ್ಮ, ಚಿಕ್ಕಪ್ಪ ಒಂದು ಫೋಟೋ ಸ್ಟುಡಿಯೋ ನಡೆಸುತ್ತಾರೆ. ಮದುವೆಗಳಿಗೆ ಹೋಗಿ ಫೋಟೋ ತೆಗೆಯುವವರು ಚಿಕ್ಕಪ್ಪ. ಅವರು ತಂದದ್ದನ್ನು ಲ್ಯಾಪ್‌ಟಾಪಿನಲ್ಲಿ ಜೋಡಿಸಿ ಆಲ್ಬಮ್ ಮಾಡುವವಳು ಚಿಕ್ಕಮ್ಮ. ಎಂ.ಎಸ್ಸಿ. ಮುಗಿಸಿ ಕೆಲಸದ ಆದೇಶಕ್ಕಾಗಿ ಕಾಯುತ್ತಿದ್ದ ದಿನಗಳಲ್ಲಿ ನಾನು ಅವರ ಮನೆಯಲ್ಲಿದ್ದೆ. ನಾನು ಓದಿದ್ದು ಗಣಿತ. ಗಣಿತ ಓದಿದವರಿಗೆ ಕಂಪ್ಯೂಟರ್ ತಾನಾಗಿಯೇ ಬರುತ್ತದೆ ಎಂಬುದು ಚಿಕ್ಕಮ್ಮನ ನಂಬಿಕೆ. ಅದನ್ನು ಅಲ್ಲಗಳೆಯಲು ನಾನು ಹೋಗಲಿಲ್ಲ. ಹೋಗಿದ್ದರೆ ಹೆಚ್ಚು ಮಾತಾಡಬೇಕಾಗುತ್ತಿತ್ತು.

ಚಿಕ್ಕಮ್ಮ ಒಂದು ಮದುವೆಯನ್ನೂ ಅಳಿಸುವುದಿಲ್ಲ. ಆಲ್ಬಮ್ ಕೊಟ್ಟಾಗಿ ವರ್ಷಗಳೇ ಕಳೆದಿರಲಿ, ಎಲ್ಲ ಫೋಟೋಗಳೂ ಲ್ಯಾಪ್‌ಟಾಪಿನ ಡೆಸ್ಕ್‌ಟಾಪ್ ಮೇಲೆಯೇ ಇರಬೇಕು, ಮದುವೆಗೊಂದು ಫೋಲ್ಡರ್. ಆ ಫೋಲ್ಡರುಗಳನ್ನು ಅವಳು ಹೆಸರು ಓದಿ ಹುಡುಕುವುದಿಲ್ಲ, ಇರುವ ಜಾಗ ನೋಡಿ ಹುಡುಕುತ್ತಾಳೆ. ಹಿಂದೆ ಕಾಣುವ ಚಿತ್ರ ಅವಳ ಮಗ ಕೂಸಾಗಿದ್ದಾಗಿನದು. ಕತ್ತಲಗೆರೆಯ ಮದುವೆ ಕೂಸಿನ ಎಡಗಿವಿಯ ಪಕ್ಕ, ಚನ್ನಗಿರಿಯವು ಹಣೆಯ ಮೇಲೆ, ಹೊನ್ನಾಳಿಯವು ಗಲ್ಲದ ಕೆಳಗೆ. ಈಗ ಕೂಸಿನ ಒಂದು ಕಣ್ಣು ಮಾತ್ರ ಖಾಲಿ ಉಳಿದಿತ್ತು.

ಹೀಗೆ ಉಳಿಸಿಕೊಳ್ಳುವುದಕ್ಕೆ ಕಾರಣವಿದೆ. ಯಾರಾದರೂ ತೀರಿಕೊಂಡಾಗ ಮನೆಯವರು ಸ್ಟುಡಿಯೋಗೆ ಬರುತ್ತಾರೆ. ಗೋಡೆಗೆ ಹಾಕಲು ಒಂದು ಒಳ್ಳೆಯ ಫೋಟೋ ಬೇಕು, ಮನೆಯಲ್ಲಿ ಹುಡುಕಿದರೆ ಇರುವುದಿಲ್ಲ. 'ಇಂಥವರ ಮದುವೆಗೆ ಬಂದಿದ್ರು ನೋಡ್ರಿ' ಎನ್ನುತ್ತಾರೆ. ಚಿಕ್ಕಮ್ಮ ಆ ಮದುವೆಯ ಫೋಲ್ಡರ್ ತೆಗೆದು, ಊಟದ ಪಂಕ್ತಿಯಲ್ಲೋ ಅಕ್ಷತೆ ಹಾಕುವ ಗುಂಪಿನಲ್ಲೋ ಇರುವ ಆ ಮುಖವನ್ನು ಹುಡುಕಿ, ಕತ್ತರಿಸಿ, ದೊಡ್ಡದು ಮಾಡಿ ಕೊಡುತ್ತಾಳೆ. ಯಾವ ಮದುವೆಯಲ್ಲಿ ಯಾರ ಮುಖ ಬೇಕಾಗುತ್ತದೆಂದು ಮೊದಲೇ ಹೇಳಲಾಗದು. ಒಮ್ಮೆ ಬೇರೆ ಡಿಸ್ಕಿಗೆ ಹಾಕಿಟ್ಟ ಎರಡು ಮದುವೆಗಳು ಆ ಡಿಸ್ಕ್ ಕೆಟ್ಟಾಗ ಅದರ ಜೊತೆಗೇ ಹೋಗಿಬಿಟ್ಟಿದ್ದವು. ಅಂದಿನಿಂದ ಅವಳು ಕಣ್ಣೆದುರು ಕಾಣದ ಯಾವುದನ್ನೂ ನಂಬುವುದಿಲ್ಲ.

ಎದುರು ಬೀದಿಯ ಒಬ್ಬ ಅಜ್ಜಿ ಮಾತ್ರ ಸಾಯುವ ಮೊದಲೇ ತನ್ನ ಫೋಟೋ ಆರಿಸಲು ಬಂದಿದ್ದಳು. ಹಲ್ಲಿಲ್ಲ, ಕಿವಿ ಚುರುಕು, ಮಾತು ಇನ್ನೂ ಚುರುಕು.

"ನಾನು ಹೋದ ಮ್ಯಾಲೆ ಈ ಮಂದಿ ಕಣ್ಣು ಮುಚ್ಚಿದ್ದು ಯಾವುದೋ ಒಂದು ತಂದು ನೇತಾಕ್ತಾರೆ ಕಣವ್ವಾ. ನಮ್ಮ ಮೊಮ್ಮಗಳ ಮದುವ್ಯಾಗ ನಾನು ನಕ್ಕಿದ್ದೆ. ನಿನ್ನ ಗಂಡ ತೆಗೆದಿದ್ದ. ಅದೇ ಬೇಕು."

"ಅಜ್ಜಿ, ಈಗ ಆಗಾಕಿಲ್ಲ. ಲ್ಯಾಪ್‌ಟಾಪ್ ತುಂಬಿ ತುಳುಕ್ತೈತೆ. ಫೋಟೋ ತೆರೆದ್ರೆ ಜಾಗ ಇಲ್ಲ ಅಂತ ಮುಚ್ಕೊಳ್ತೈತೆ" ಎಂದಳು ಚಿಕ್ಕಮ್ಮ. "ಇಲ್ಲೊಂದು ಆಲ್ಬಮ್ ಅರ್ಧಕ್ಕೆ ನಿಂತೈತೆ. ಹುಡುಗಿ ಗಂಡನ ಮನೀಗೆ ಹೊಂಟಾಳೆ, ಅಷ್ಟ್ರಾಗ ಕೊಡಬೇಕು. ಹೊಸ ಡಿಸ್ಕ್ ಹಾಕಿಸ್ತೀವಿ. ಅದೂ ಆಗದಿದ್ರೆ ಹಳೇ ಮದುವೆ ಒಂದೊಂದೇ ಅಳಸಬೇಕು, ಬ್ಯಾರೆ ದಾರಿ ಇಲ್ಲ."

"ನಂದು ಹಳೇದ್ರಾಗೆ ಐತಲ್ಲೇ!"

"ನಿಂದೊಂದು ತೆಗೆದಿಟ್ಕೊಳ್ತೀನಿ ಬಿಡು."

"ಹಂಗಾದ್ರೆ ನಮ್ಮೆಜಮಾನಂದು? ಅವ್ನೂ ಅದೇ ಮದುವ್ಯಾಗ ಊಟಕ್ಕೆ ಕುಂತಿದ್ದ. ಅವ್ನ ಅಣ್ಣಂದು?"

ಯಾರನ್ನು ಉಳಿಸುವುದು, ಯಾರನ್ನು ಬಿಡುವುದು? ಚಿಕ್ಕಮ್ಮನ ಕಷ್ಟವೇ ಅದಾಗಿತ್ತು.

ಹೊಸ ಡಿಸ್ಕ್ ಬಂತು. ಹಳೆಯದು ಒಂದು ಟಿ.ಬಿ.ಯ, ಅಂದರೆ ಸಾವಿರ ಜಿ.ಬಿ.ಯ, ತಿರುಗುವ ಹಾರ್ಡ್ ಡಿಸ್ಕ್. ಹೊಸದು ಎರಡು ಟಿ.ಬಿ.ಯ ಎಸ್.ಎಸ್.ಡಿ., ಒಳಗೆ ತಿರುಗುವ ಭಾಗವೇ ಇಲ್ಲ. ಹೊನ್ನಾಳಿಯ ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವವರೊಬ್ಬರು ಚಿಕ್ಕಪ್ಪನ ಹಳೆಯ ಪರಿಚಯ. ಎಲ್ಲರೂ ಅವರನ್ನು ಭಾಯ್ ಎನ್ನುತ್ತಾರೆ. ಎರಡು ಡಿಸ್ಕುಗಳನ್ನು ಅಕ್ಕಪಕ್ಕ ಚುಚ್ಚಿ ಗುಂಡಿ ಒತ್ತಿದರೆ ಒಂದರಲ್ಲಿದ್ದದ್ದನ್ನೆಲ್ಲ ಇನ್ನೊಂದಕ್ಕೆ ಯಥಾವತ್ತಾಗಿ ನಕಲು ಮಾಡುವ ಪೆಟ್ಟಿಗೆಯೊಂದು ಅವರಲ್ಲಿದೆ. ಅದರಲ್ಲೇ ಕ್ಲೋನ್ ಮಾಡಿ, ಹೊಸ ಡಿಸ್ಕನ್ನು ಲ್ಯಾಪ್‌ಟಾಪಿಗೆ ಕೂರಿಸಿ, ಅದು ಬೂಟ್ ಆಗುವುದನ್ನು, ಅಂದರೆ ಸರಿಯಾಗಿ ಶುರುವಾಗುವುದನ್ನು, ತೋರಿಸಿ ಚಿಕ್ಕಪ್ಪನ ಕೈಗೆ ಕೊಟ್ಟಿದ್ದರು. ಹಳೆಯ ಡಿಸ್ಕನ್ನು ಯು.ಎಸ್.ಬಿ. ಕೇಸಿಗೆ ಹಾಕಿ ಅದನ್ನೂ ಕೊಟ್ಟಿದ್ದರು.

ಮರುದಿನ ಬೆಳಿಗ್ಗೆ ಚಿಕ್ಕಪ್ಪ ಜಗಳೂರಿನ ಮದುವೆಯೊಂದಕ್ಕೆ ಹೊರಟರು. ನಾವು ಲ್ಯಾಪ್‌ಟಾಪ್ ತೆರೆದೆವು. ಮೊದಲು ಅದು ಎದ್ದು ಕೂರುವಷ್ಟರಲ್ಲಿ ಚಿಕ್ಕಮ್ಮ ಒಲೆಯ ಮೇಲೆ ಚಹಾ ಇಟ್ಟು, ಸೋಸಿ ತರುತ್ತಿದ್ದಳು. ಈಗ ಅವಳು ಎದ್ದು ನಿಲ್ಲುವ ಮೊದಲೇ ಕೂಸಿನ ಮುಖ ಬಂತು, ಎಲ್ಲ ಫೋಲ್ಡರುಗಳೂ ತಮ್ಮ ತಮ್ಮ ಜಾಗದಲ್ಲೇ.

"ಅಯ್ಯೋ, ಚಹಾಕ್ಕೂ ಟೈಮ್ ಕೊಡಲಿಲ್ಲ ನೋಡು!" ಎಂದು ಅವಳು ಚಪ್ಪಾಳೆ ತಟ್ಟಿದಳು. ಅರ್ಧಕ್ಕೆ ನಿಂತಿದ್ದ ಆಲ್ಬಮ್ ತೆರೆದಳು. ಎರಡು ಪುಟ ಸರಿಸುವಷ್ಟರಲ್ಲಿ ಹಳೆಯ ಸಂದೇಶವೇ ಬಂತು: ಡಿಸ್ಕ್ ತುಂಬಿದೆ.

ಎಷ್ಟು ತುಂಬಿದೆಯೆಂದು ತೋರಿಸುವ ಸಿ ಡ್ರೈವಿನ ಪಟ್ಟಿ ಮೊದಲಿನಷ್ಟೇ ಕೆಂಪಗಿತ್ತು. ಒಟ್ಟು ಗಾತ್ರ ಒಂಬೈನೂರ ಚಿಲ್ಲರೆ ಜಿ.ಬಿ., ಹಳೆಯ ಡಿಸ್ಕಿನಲ್ಲಿ ಇದ್ದಷ್ಟೇ.

"ಭಾಯ್ ಮೋಸ ಮಾಡ್ಯಾರೆ" ಎಂದಳು ಚಿಕ್ಕಮ್ಮ. "ಎರಡು ಅಂತ ಹೇಳಿ ಒಂದು ಹಾಕ್ಯಾರೆ. ನಡಿ ಹೊನ್ನಾಳೀಗೆ."

"ತಡಿ ಚಿಕ್ಕಮ್ಮ, ಒಂದು ನೋಡ್ತೀನಿ."

ವಿಂಡೋಸ್‌ನಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ಎಂಬ ಕಿಟಕಿಯೊಂದಿದೆ. ಡಿಸ್ಕನ್ನು ಅದು ಎಡದಿಂದ ಬಲಕ್ಕೆ ಉದ್ದನೆಯ ಪಟ್ಟಿಯಂತೆ ತೋರಿಸುತ್ತದೆ. ಅಲ್ಲಿ ವಿಷಯ ಸ್ಪಷ್ಟವಾಗಿತ್ತು. ಎಡತುದಿಗೆ ಬೂಟ್ ಆಗಲು ಬೇಕಾದ ಪುಟ್ಟ ಭಾಗ, ನಂತರ ಉದ್ದನೆಯ ಸಿ, ಅದರ ಬಲಕ್ಕೆ ಅಂಟಿಕೊಂಡು ರಿಕವರಿ ಎಂಬ ಇನ್ನೊಂದು ಪುಟ್ಟ ಭಾಗ, ಅದರಾಚೆಗೆ ಬಲತುದಿಯವರೆಗೂ ಕಪ್ಪು ಪಟ್ಟಿ. ಅದು ಯಾರಿಗೂ ಹಂಚದೆ ಉಳಿದ ಜಾಗ, ಹೆಚ್ಚೂಕಡಿಮೆ ಡಿಸ್ಕಿನ ಅರ್ಧ. ಮೋಸವೇನೂ ಆಗಿರಲಿಲ್ಲ. ಆ ಪೆಟ್ಟಿಗೆ ಹಳೆಯ ಡಿಸ್ಕನ್ನು ಅದರ ಎಲ್ಲೆಗಳ ಸಮೇತ ನಕಲು ಮಾಡಿತ್ತು. ಹಳೆಯದು ಎಲ್ಲಿ ಮುಗಿಯುತ್ತಿತ್ತೋ ನಕಲೂ ಅಲ್ಲೇ ಮುಗಿದಿತ್ತು.

ಸಿ ಮೇಲೆ ಬಲ ಕ್ಲಿಕ್ ಮಾಡಿದೆ. ವಿಸ್ತರಿಸುವ ಆಯ್ಕೆ ಇತ್ತು, ಆದರೆ ಬೂದು ಬಣ್ಣದಲ್ಲಿ, ಒತ್ತಿದರೂ ಒತ್ತಿಸಿಕೊಳ್ಳಲಿಲ್ಲ. ಸಿ ಬೆಳೆಯಬೇಕಾದರೆ ಖಾಲಿ ಜಾಗ ಅದರ ಬಲಕ್ಕೆ ತಾಗಿಕೊಂಡೇ ಇರಬೇಕು. ಇಲ್ಲಿ ನಡುವೆ ರಿಕವರಿ ಇತ್ತು. ಅದನ್ನು ಸರಿಸಲು ಆ ಕಿಟಕಿಯಲ್ಲಿ ಯಾವ ದಾರಿಯೂ ಇರಲಿಲ್ಲ.

ಚಿಕ್ಕಮ್ಮನಿಗೆ ಹೇಗೆ ಹೇಳುವುದೆಂದು ಯೋಚಿಸಿ, ಗುಂಪು ಫೋಟೋ ಎಂದುಕೊಳ್ಳಲು ಹೇಳಿದೆ. ಮನೆಮಂದಿಯೆಲ್ಲ ಒತ್ತೊತ್ತಾಗಿ ನಿಂತಿದ್ದಾರೆ. ಬಲಗಡೆ ವೇದಿಕೆ ಅರ್ಧ ಖಾಲಿ. ಆದರೆ ಸಾಲಿನ ತುದಿಯಲ್ಲಿ ಒಬ್ಬರು ಅಲುಗಾಡದೆ ನಿಂತುಬಿಟ್ಟಿದ್ದಾರೆ.

"ಹುಡುಗನ ಕಡೆ ಸ್ವಾದರಮಾವ" ಎಂದಳು ಚಿಕ್ಕಮ್ಮ ತಕ್ಷಣ. "ಪ್ರತಿ ಮದುವ್ಯಾಗ ಒಬ್ಬ ಇರ್ತಾನೆ. ಆಚೆ ಸರೀರಿ ಅಂದ್ರೆ ಸರಿಯಾಕಿಲ್ಲ, ಹೋಗ್ರಿ ಅಂದ್ರೆ ಸಿಟ್ಟು. ಹೊರಗೆ ಕಳ್ಸಿಬಿಡಾಕೆ ಬರಲ್ವಾ?"

"ಬರುತ್ತೆ. ಆದರೆ ಲ್ಯಾಪ್‌ಟಾಪ್ ಕೆಟ್ಟಾಗ ರಿಪೇರಿಗೆ ಬೇಕಾಗೋದು ಅದೇ. ಅಂಚಿಗೆ ಸರಿಸೋದು ಒಳ್ಳೇದು."

"ನಿನ್ನ ಕೈಯಾಗ ಆಗ್ತೈತಾ?"

ಓದಿ ತಿಳಿದಿದ್ದೆ, ಮಾಡಿ ನೋಡಿರಲಿಲ್ಲ. ಅವಳ ಇಷ್ಟು ವರ್ಷಗಳ ಮದುವೆಗಳ ಮೇಲೆ ನನ್ನ ಮೊದಲ ಪ್ರಯೋಗ ನಡೆಸುವ ಧೈರ್ಯ ನನಗಿರಲಿಲ್ಲ. ಹಾಗೆಂದೇ ಹೇಳಿದೆ. ಅಂಗಡಿ ಮುಚ್ಚಿ, ಲ್ಯಾಪ್‌ಟಾಪನ್ನು ಹಳೆಯ ಸೀರೆಯಲ್ಲಿ ಹೊಲಿದ ಚೀಲದಲ್ಲಿ ಸುತ್ತಿಕೊಂಡು ಹೊನ್ನಾಳಿ ಬಸ್ ಹತ್ತಿದೆವು. ದಾರಿಯುದ್ದಕ್ಕೂ ಚಿಕ್ಕಮ್ಮ ಅದನ್ನು ಮಡಿಲಲ್ಲೇ ಹಿಡಿದಿದ್ದಳು. ಪಕ್ಕದಲ್ಲಿ ಕೂತಿದ್ದವರು ಕೂಸು ಮಲಗಿದೆಯೆಂದು ತಿಳಿದು ಕಾಲು ಹಿಂದಕ್ಕೆಳೆದುಕೊಂಡರು.

ಭಾಯ್ ಅಂಗಡಿಯಲ್ಲಿ ಒಂದು ಪ್ರಿಂಟರಿನ ಹೊಟ್ಟೆ ಬಿಚ್ಚಿಟ್ಟುಕೊಂಡು ಕೂತಿದ್ದರು.

"ಬರ್ರಿ ಅಕ್ಕಾ. ಹೆಂಗೈತೆ, ಓಡ್ತಾ ಐತಾ?"

"ಓಡೋದು ಓಡ್ತೈತೆ ಅಣ್ಣ, ಹೊಟ್ಟಿ ಮಾತ್ರ ಮೊದ್ಲಿನಷ್ಟೇ ಐತೆ. ಆನೆ ಅಂತ ಹೇಳಿ ಕುದುರೆ ಕೊಟ್ಟೀರಿ."

ಭಾಯ್ ತೆರೆದು ನೋಡಿದರು, ನಾಲಿಗೆ ಕಚ್ಚಿಕೊಂಡರು. "ಅರೆ, ಬೂಟ್ ಆಯ್ತು ಅಂತ ಖುಷೀಲಿ ಕೊಟ್ಬಿಟ್ಟೆ. ಸೈಜ್ ನೋಡ್ಲೇ ಇಲ್ಲ. ತಗೊಳ್ರಿ, ಖಾಲಿ ಜಾಗಾನ ಡಿ ಡ್ರೈವ್ ಅಂತ ಮಾಡಿಕೊಡ್ತೀನಿ. ಚಿಟಿಕಿ ಹೊಡೆಯೋದ್ರಾಗ ಆಗ್ತೈತೆ. ಹಳೇ ಮದುವೆ ಎಲ್ಲಾ ಅಲ್ಲಿಗೆ ಸಾಗಿಸ್ರಿ."

ಅದೂ ತಪ್ಪು ದಾರಿಯಲ್ಲ, ಬೇರೆ ಯಾರಿಗಾದರೂ ಅಷ್ಟೇ ಸಾಕಾಗುತ್ತಿತ್ತು. ಚಿಕ್ಕಮ್ಮ ಮಾತ್ರ ಒಪ್ಪಲಿಲ್ಲ.

"ಡಿ ಅಂದ್ರೆ ಡೆಸ್ಕ್‌ಟಾಪ್ ಮ್ಯಾಲೆ ಇರ್ತೈತಾ?"

"ಇರಾಕಿಲ್ಲ. ಒಳಗೆ ಹೋಗಿ ತೆಗೀಬೇಕು."

"ಹಂಗಾದ್ರೆ ಬ್ಯಾಡ."

ನಾನು ಇನ್ನೊಂದು ಕಾರಣ ಸೇರಿಸಿದೆ. ಆಲ್ಬಮ್ ಮಾಡುವ ತಂತ್ರಾಂಶ ಪ್ರತಿಯೊಂದು ಫೋಟೋ ಎಲ್ಲಿದೆ ಎಂಬ ವಿಳಾಸವನ್ನು ನೆನಪಿಟ್ಟುಕೊಂಡಿರುತ್ತದೆ. ಫೋಲ್ಡರ್ ಬೇರೆ ಡ್ರೈವಿಗೆ ಹೋದರೆ ಹಳೆಯ ಆಲ್ಬಮುಗಳನ್ನು ತೆರೆದಾಗ ಫೋಟೋಗಳಿರುವ ಕಡೆಯೆಲ್ಲ ಖಾಲಿ ಚೌಕ ಕಾಣುತ್ತದೆ. ಭಾಯ್ ನನ್ನನ್ನೂ ಚಿಕ್ಕಮ್ಮನನ್ನೂ ನೋಡಿ, "ಇಬ್ರೂ ಸೇರಿ ಬಂದೀರಿ, ನಾನೊಬ್ನೇ" ಎಂದು ನಕ್ಕು, ಮೇಜಿನ ಡ್ರಾಯರಿನಿಂದ ಪೆನ್ ಡ್ರೈವ್ ಒಂದನ್ನು ತೆಗೆದರು. ಪಾರ್ಟಿಶನ್, ಅಂದರೆ ಡಿಸ್ಕಿನ ಈ ಭಾಗಗಳನ್ನು, ಸರಿಸುವ ಸಾಧನ ಅದರಲ್ಲಿತ್ತು.

"ರಿಕವರೀನ ಕೊನೇಗೆ ತಳ್ತೀನಿ. ಆಮ್ಯಾಲೆ ಸಿ ಹಿಗ್ಗಸೋದು. ಹಳೇ ಡಿಸ್ಕ್ ಮನ್ಯಾಗೈತಲ್ಲಾ ಅಕ್ಕಾ? ಇಂಥ ಕೆಲಸದ ನಡುವೆ ಕರೆಂಟ್ ಹೋಯ್ತೋ ಇನ್ನೊಂದಾಯ್ತೋ, ಅದೇ ಗತಿ."

ಚಿಕ್ಕಮ್ಮ ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದಳು. "ಅದು ಜಗಳೂರಾಗೈತೆ."

ಅವರ ಮನೆಯ ರೂಢಿ ನನಗೂ ಆಗಲೇ ನೆನಪಾದದ್ದು. ಚಿಕ್ಕಪ್ಪ ಮದುವೆ ಮಂಟಪದಲ್ಲೇ, ವಿಡಿಯೋ ತೆಗೆಯುವವರ ಲ್ಯಾಪ್‌ಟಾಪ್ ಬಳಸಿ, ಕ್ಯಾಮೆರಾದ ಕಾರ್ಡುಗಳನ್ನು ಒಂದು ಡಿಸ್ಕಿಗೆ ಇಳಿಸಿಕೊಂಡು, ಕಾರ್ಡ್ ಖಾಲಿ ಮಾಡಿ, ಮತ್ತೆ ತೆಗೆಯಲು ಹೋಗುತ್ತಾರೆ. ಆ ಕೆಲಸಕ್ಕೆ ಯಾವ ಡಿಸ್ಕ್ ತಂದರೂ ಮೊದಲು ಅದನ್ನು ಫಾರ್ಮ್ಯಾಟ್ ಮಾಡಿ, ಇದ್ದದ್ದನ್ನೆಲ್ಲ ಅಳಿಸುತ್ತಾರೆ. ಹೊಸದು ಬೂಟ್ ಆಯಿತು, ಹಳೆಯದಕ್ಕಿನ್ನು ಕೆಲಸವಿಲ್ಲ ಎಂದು ಚಿಕ್ಕಮ್ಮನೇ ಬೆಳಿಗ್ಗೆ ಅದನ್ನು ಅವರ ಬ್ಯಾಗಿಗೆ ಹಾಕಿ ಕಳಿಸಿದ್ದಳು. ಅದನ್ನು ಒರೆಸಿಬಿಟ್ಟಿದ್ದರೆ ಅವಳ ಎಲ್ಲ ಮದುವೆಗಳಿಗೂ ಉಳಿದಿರುವ ಪ್ರತಿ ಈ ಮೇಜಿನ ಮೇಲಿರುವುದೊಂದೇ.

ಭಾಯ್ ಪೆನ್ ಡ್ರೈವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ಹಂಗಾದ್ರೆ ನಾನು ಮುಟ್ಟಾಕಿಲ್ಲ. ಮೊದ್ಲು ಫೋನ್ ಮಾಡ್ರಿ."

ಫೋನ್ ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಮುಹೂರ್ತದ ಹೊತ್ತಿಗೆ ಚಿಕ್ಕಪ್ಪ ಫೋನ್ ತೆಗೆಯುವುದಿಲ್ಲ. ಮನೆಗೆ ಬೆಂಕಿ ಬಿದ್ದರೂ ತಾಳಿ ಬಿದ್ದ ಮೇಲೆ ಹೇಳಿ ಎನ್ನುವವರು. ಭಾಯ್ ಚಹಾ ತರಿಸಿದರು. ಚಿಕ್ಕಮ್ಮ ಲೋಟ ಹಿಡಿದುಕೊಂಡಳು, ಕುಡಿಯಲಿಲ್ಲ. "ಅಜ್ಜಿ ಕೇಳಿದ್ರೆ ಏನು ಹೇಳ್ಲಿ" ಎಂದಳು ಒಮ್ಮೆ. ನಾನು ಅವಳ ಪಕ್ಕದ ಸ್ಟೂಲಿಗೆ ಸರಿದು ಕೂತೆ. ಇಂಥ ಹೊತ್ತಿನಲ್ಲಿ ನನಗೆ ಮಾಡಲು ತಿಳಿದಿರುವುದು ಅಷ್ಟೇ.

ಚಹಾ ತಣ್ಣಗಾದ ಮೇಲೆ ಚಿಕ್ಕಪ್ಪನೇ ಫೋನ್ ಮಾಡಿದರು. ಹಿಂದೆ ಬ್ಯಾಂಡಿನ ಸದ್ದು. ಚಿಕ್ಕಮ್ಮ ಸ್ಪೀಕರ್ ಹಾಕಿದಳು.

"ಏನದು ಇಷ್ಟು ಫೋನು? ಊಟಕ್ಕೆ ಕುಂತೀನಿ."

"ರೀ, ಆ ಡಿಸ್ಕ್ ಏನು ಮಾಡಿದ್ರಿ?"

"ಯಾವ ಡಿಸ್ಕು? ಹೋಳಿಗೆ ಬಡಿಸಾಕೆ ಹತ್ಯಾರೆ, ಆಮ್ಯಾಲೆ..."

"ಹೋಳಿಗೆ ಹಾಳಾಗ್ಲಿ! ಫಾರ್ಮ್ಯಾಟ್ ಮಾಡಿದ್ರಾ ಇಲ್ವಾ ಹೇಳ್ರಿ!"

ಬಡಿಸುವವರಿಗೆ ತಡೆಯಲು ಹೇಳಿ ಚಿಕ್ಕಪ್ಪ ಮುಂದುವರಿಸಿದರು.

"ಮಾಡಾಕೆ ಹೋಗಿದ್ದೆ. ಚುಚ್ಚಿದೆ, ಎಲ್ಲಾ ಅಳಸೋದು ಖರೇನಾ ಅಂತ ಕೇಳ್ತು. ಅಷ್ಟ್ರಾಗ ತಾಳಿ ಟೈಮ್ ಅಂತ ಕೂಗಿದ್ರು, ಹಂಗೇ ಬಿಟ್ಟು ಓಡಿದೆ. ಇನ್ನೂ ಹಂಗೇ ಕೇಳ್ಕೊಂಡು ಕುಂತಿರ್ತೈತೆ."

ಭಾಯ್ ಎದೆಯ ಮೇಲೆ ಕೈ ಇಟ್ಟುಕೊಂಡು ಗೋಡೆಗೊರಗಿದರು.

"ಏಳ್ರಿ. ಎದ್ದು ಹೋಗಿ ಬ್ಯಾಡ ಅಂತ ಒತ್ರಿ."

"ಎಲೆ ಬಿಟ್ಟು ಏಳಾಕೆ ಬರ್ತೈತೇನೇ? ಬೀಗರು ಎದುರಿಗೇ ಕುಂತಾರೆ."

"ಬೀಗರು ನಿಮಗಾ, ಆ ಹುಡುಗನಿಗಾ? ಏಳ್ರಿ!"

ಅವರು ಎದ್ದರು. ನಡೆಯುವ ಸದ್ದು, ಯಾರಿಗೋ 'ಬಂದೆ, ಬಂದೆ, ಎಲೆ ತೆಗೀಬ್ಯಾಡ್ರಿ' ಎಂದು ಹೇಳುವ ಸದ್ದು ಕೇಳಿಸಿತು. ನಾನು ಫೋನಿನ ಹತ್ತಿರ ಬಾಗಿ, ಯಾವ ಗುಂಡಿಯೆಂದು ನಿಧಾನವಾಗಿ ಹೇಳಿದೆ. ಆ ಕಿಟಕಿಯನ್ನು ರದ್ದು ಮಾಡಿಸಿ, ಫೋಲ್ಡರುಗಳು ಹಾಗೇ ಇವೆಯೆಂದು ಅವರ ಬಾಯಲ್ಲಿ ಹೇಳಿಸಿ, ಡಿಸ್ಕಿನ ವೈರ್ ಕೀಳಿಸಿ ಬ್ಯಾಗಿಗೆ ಹಾಕಿಸಿದೆವು. ಅಂದಿನ ಕಾರ್ಡುಗಳನ್ನು ಒಂದನ್ನೂ ಖಾಲಿ ಮಾಡದೆ ಹಾಗೇ ತರಬೇಕು, ಸಾಲದಿದ್ದರೆ ವಿಡಿಯೋದವರ ಹತ್ತಿರ ಕಾರ್ಡ್ ಕೇಳಬೇಕು ಎಂದು ಚಿಕ್ಕಮ್ಮ ಆಜ್ಞೆ ಮಾಡಿದಳು.

"ಈಗ ಹೋಳಿಗೆ ತಿನ್ನಬಹುದಾ?" ಎಂದರು ಚಿಕ್ಕಪ್ಪ.

"ನಂಗೂ ಎರಡು ತರ್ರಿ" ಎಂದು ಫೋನ್ ಇಟ್ಟಳು. ಆಮೇಲೆ ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದಳು.

ಅಲ್ಲಿಂದ ಮುಂದಿನದು ಸರಾಗವಾಯಿತು. ಭಾಯ್ ಮೊದಲು ವಿಂಡೋಸಿನಲ್ಲೇ ರಿಕವರಿಯನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಆಜ್ಞೆ ಕೊಟ್ಟರು. ನಂತರ ಶಿಫ್ಟ್ ಕೀ ಒತ್ತಿ ಹಿಡಿದು ಲ್ಯಾಪ್‌ಟಾಪ್ ಆರಿಸಿದರು. ಸುಮ್ಮನೆ ಆರಿಸಿದರೆ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರೆನಿದ್ರೆಯಲ್ಲಿರುತ್ತದೆ. ಹಾಗಿರುವಾಗ ಪಾರ್ಟಿಶನ್ ಅಲುಗಿಸಬಾರದು. ಚಾರ್ಜರ್ ಸಿಕ್ಕಿಸಿ, ಪೆನ್ ಡ್ರೈವಿನಿಂದ ಬೂಟ್ ಮಾಡಿದರು. ಅದೇ ಉದ್ದನೆಯ ಪಟ್ಟಿ ಬಂತು, ಬಣ್ಣ ಬೇರೆ. ಭಾಯ್ ಆ ಪುಟ್ಟ ತುಂಡನ್ನು ಮೌಸಿನಿಂದ ಹಿಡಿದು ಬಲತುದಿಯವರೆಗೆ ಎಳೆದರು.

"ಸರೀರಿ ಮಾವ, ಸರೀರಿ, ಇನ್ನೂ ಸ್ವಲ್ಪ..." ಎಂದಳು ಚಿಕ್ಕಮ್ಮ, ಮದುವೆ ವೇದಿಕೆಯ ಕೆಳಗೆ ನಿಂತು ಹೇಳುವ ಅದೇ ದನಿಯಲ್ಲಿ. "ಹಾಂ, ಅಲ್ಲೇ ನಿಂತ್ಕೊಳ್ರಿ. ನಗ್ರಿ."

ಎಳೆದದ್ದು ಬರೀ ತೋರಿಕೆ, ಒಪ್ಪಿಗೆ ಒತ್ತಿದ ಮೇಲೆಯೇ ನಿಜವಾಗಿ ಸರಿಯುವುದು. ಭಾಯ್ ನಮ್ಮಿಬ್ಬರ ಮುಖ ನೋಡಿ ಒತ್ತಿದರು. ತುಂಡು ಚಿಕ್ಕದಾದ್ದರಿಂದ ಬೇಗ ಮುಗಿಯಿತು. ಪೆನ್ ಡ್ರೈವ್ ಕಿತ್ತು ವಿಂಡೋಸ್ ತೆರೆದಾಗ ಕೂಸಿನ ಮುಖ ಬಂತು. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಕಪ್ಪು ಪಟ್ಟಿ ಈಗ ಸಿ ಪಕ್ಕಕ್ಕೇ ಇತ್ತು. ಬಲ ಕ್ಲಿಕ್ ಮಾಡಿದರೆ ವಿಸ್ತರಿಸುವ ಆಯ್ಕೆ ಕಪ್ಪು ಅಕ್ಷರದಲ್ಲಿ, ಒತ್ತಬಹುದಾದಂತೆ.

"ನೀವೇ ಒತ್ರಿ ಅಕ್ಕಾ" ಎಂದರು ಭಾಯ್.

ಅವಳು ಮುಂದೆ, ಮುಂದೆ, ಮುಗಿಯಿತು ಎಂದು ಒತ್ತುತ್ತಾ ಹೋದಳು. ಕಪ್ಪು ಪಟ್ಟಿ ಮಾಯವಾಯಿತು. ಸಿ ಉದ್ದವಾಗಿ ಬೆಳೆದು ರಿಕವರಿಯವರೆಗೆ ಮುಟ್ಟಿತು. ಒಂದೇ ಒಂದು ಫೋಟೋ ಕೂಡ ಜಾಗ ಬಿಟ್ಟು ಕದಲಿರಲಿಲ್ಲ. ಕೆಂಪಗಿದ್ದ ಪಟ್ಟಿ ನೀಲಿಯಾಯಿತು. ಭಾಯ್ ರಿಕವರಿಯನ್ನು ಮತ್ತೆ ಚಾಲೂ ಮಾಡಿ, ಅದು ಚಾಲೂ ಇದೆಯೆಂದು ಓದಿ ತೋರಿಸಿದರು.

ಚಿಕ್ಕಮ್ಮ ಅಂಕಿ ನೋಡಿದಳು. "ಸಾವಿರದ ಎಂಟುನೂರ ಚಿಲ್ಲರೆ ಅಂತೈತೆ. ಎರಡು ಸಾವಿರ ಅಲ್ವಾ? ತೂಕದಾಗ ಹೊಡೆದ್ರಾ ಅಣ್ಣ?"

"ನಾನಲ್ಲ ಅಕ್ಕಾ! ಕಂಪ್ನಿಯೋರು ಎಣಿಸೋದೇ ಬ್ಯಾರೆ, ವಿಂಡೋಸ್ ಎಣಿಸೋದೇ ಬ್ಯಾರೆ. ಇವ್ರನ್ನ ಕೇಳ್ರಿ, ಗಣಿತದೋರು" ಎಂದು ನನ್ನ ಕಡೆ ಕೈ ತೋರಿಸಿದರು. ಒಬ್ಬರು ಸಾವಿರಕ್ಕೊಂದು ಕಟ್ಟು ಮಾಡುತ್ತಾರೆ, ಇನ್ನೊಬ್ಬರು ಸಾವಿರದ ಇಪ್ಪತ್ನಾಲ್ಕಕ್ಕೊಂದು. ಜಾಗ ಅಷ್ಟೇ ಇರುತ್ತದೆ, ಕಟ್ಟುಗಳು ಕಡಿಮೆ ಕಾಣುತ್ತವೆ ಎಂದೆ. ಆ ಇಡೀ ದಿನದಲ್ಲಿ ನಾನು ಓದಿದ ಗಣಿತ ಉಪಯೋಗಕ್ಕೆ ಬಂದದ್ದು ಅಲ್ಲೊಂದೇ ಕಡೆ.

ಸಂಜೆ ನ್ಯಾಮತಿಗೆ ಮರಳಿ ಸ್ಟುಡಿಯೋ ಬಾಗಿಲು ತೆರೆಯುವಷ್ಟರಲ್ಲಿ ಅಜ್ಜಿ ಜಗಲಿಯ ಮೇಲೆ ಕೂತಿದ್ದಳು.

"ಅಳಿಸಿದ್ಯಾ?"

"ಇಲ್ಲಜ್ಜಿ. ಯಾರನ್ನೂ ಅಳಿಸಿಲ್ಲ. ಬಾ ಒಳಗೆ."

ಚಿಕ್ಕಮ್ಮ ಮೊದಲು ಅರ್ಧಕ್ಕೆ ನಿಂತಿದ್ದ ಆಲ್ಬಮ್ ತೆರೆದು ಉಳಿಸಿ ನೋಡಿದಳು, ತಕರಾರಿಲ್ಲದೆ ಉಳಿಯಿತು. ಆಮೇಲೆ ಕೂಸಿನ ಮೂಗಿನ ಮೇಲಿದ್ದ ಫೋಲ್ಡರ್ ತೆರೆದಳು. ಊಟದ ಪಂಕ್ತಿಯಲ್ಲಿ ಅಜ್ಜಿ ಯಾರದೋ ಮಾತಿಗೆ ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದಳು. ಪಕ್ಕದ ಎಲೆಯ ಮುಂದೆ ಅವಳ ಯಜಮಾನರು, ಕೈಯಲ್ಲಿ ಹಪ್ಪಳ, ಮುಖದಲ್ಲಿ ನಗುವಿನ ಸುಳಿವೇ ಇಲ್ಲ. ಅಜ್ಜಿ ಪರದೆಗೆ ಮುಖ ಹತ್ತಿರ ತಂದು ಬಹಳ ಹೊತ್ತು ನೋಡಿದಳು.

"ನಿನ್ನೊಬ್ಬಳನ್ನೇ ಕತ್ತರಿಸ್ಲಾ?" ಎಂದು ಕೇಳಿದಳು ಚಿಕ್ಕಮ್ಮ, ಮೌಸ್ ಹಿಡಿದು.

"ಬ್ಯಾಡ. ಇವ್ನೂ ಇರ್ಲಿ. ಹಪ್ಪಳಾನೂ ಇರ್ಲಿ" ಎಂದಳು ಅಜ್ಜಿ. ಸೆರಗು ಸರಿಮಾಡಿಕೊಂಡು ಗೋಡೆಯ ನೀಲಿ ಪರದೆಯ ಮುಂದಿನ ಸ್ಟೂಲಿನ ಮೇಲೆ ಹೋಗಿ ಕೂತಳು.

"ಈಗ ಜಾಗ ಐತಂದ್ಯಲ್ಲ. ಇನ್ನೊಂದು ತೆಗಿ. ಇದ್ರಕಿಂತ ಚಲೋ ನಗ್ತೀನಿ."

ಕ್ಯಾಮೆರಾ ಜಗಳೂರಿನಲ್ಲಿತ್ತು. ಚಿಕ್ಕಮ್ಮ ನನ್ನ ಫೋನಿಗೆ ಕೈ ಚಾಚಿದಳು.